‘ರಾಸಾಯನಿಕವಿಲ್ಲದ ಸೋಪು’ ಎಂಬ ಸಾಲನ್ನು ಮೊದಲು ಹೊಡೆದುಹಾಕಿ

ಕೈಯಿಂದ ಸೋಪು ತಯಾರಿಸುವ ಸಣ್ಣ ಉದ್ಯಮವೊಂದು ತನ್ನ ಮೊದಲ ಜಾಹೀರಾತಿಗೆ ಎರಡು ನಿಮಿಷದ ಸ್ಕ್ರಿಪ್ಟ್ ಬರೆಯಲು ಕುಳಿತಾಗ, ‘ನಮ್ಮ ಸೋಪಿನಲ್ಲಿ ಯಾವುದೇ ರಾಸಾಯನಿಕವಿಲ್ಲ’ ಎಂಬ ಸಾಲು ತಾನಾಗಿಯೇ ಕಾಗದದ ಮೇಲೆ ಬಂದು ಕೂರುತ್ತದೆ. ಅದನ್ನು ಹೊಡೆದುಹಾಕಬೇಕು ಎಂಬುದು ನನ್ನ ಖಚಿತ ಅಭಿಪ್ರಾಯ. ಆ ಸಾಲು ಸುಳ್ಳು ಎನ್ನುವುದು ಒಂದು ಕಾರಣವಾದರೆ, ಹೇಳಲು ಯೋಗ್ಯವಾದ ಕಥೆಯನ್ನೇ ಅದು ಮುಚ್ಚಿಡುತ್ತದೆ ಎನ್ನುವುದು ಇನ್ನೂ ದೊಡ್ಡ ಕಾರಣ.

ಎಣ್ಣೆಯು ಕಾಸ್ಟಿಕ್ ಸೋಡಾದೊಂದಿಗೆ ಸೇರಿದಾಗ ಮಾತ್ರ ಗಟ್ಟಿ ಸೋಪು ಹುಟ್ಟುತ್ತದೆ. 300 ಗ್ರಾಂ ಕೊಬ್ಬರಿ ಎಣ್ಣೆ ಮತ್ತು 700 ಗ್ರಾಂ ಆಲಿವ್ ಎಣ್ಣೆ ಸೇರಿಸಿ ಒಂದು ಪಾಕ ಮಾಡುತ್ತೇವೆ ಎಂದುಕೊಳ್ಳೋಣ. ಅದಕ್ಕೆ ಸುಮಾರು 140 ಗ್ರಾಂ ಸೋಡಾ ಬೇಕು. ಅಷ್ಟೂ ಎಣ್ಣೆಯನ್ನು ಸೋಪಾಗಿಸಲು ಬೇಕಾಗುವುದಕ್ಕಿಂತ ಇದು ಸ್ವಲ್ಪ ಕಡಿಮೆ. ಹೀಗೆ ಬೇಕೆಂದೇ ಕಡಿಮೆ ಹಾಕುವುದರಿಂದ ಸೋಡಾ ಪೂರ್ತಿ ಎಣ್ಣೆಯೊಂದಿಗೆ ವರ್ತಿಸಿ ಸೋಪು ಮತ್ತು ಗ್ಲಿಸರಿನ್ ಆಗಿ ಬದಲಾಗುತ್ತದೆ, ಚೂರು ಎಣ್ಣೆ ಮಾತ್ರ ಹಾಗೆಯೇ ಉಳಿಯುತ್ತದೆ. ಆದ್ದರಿಂದ ಮೊದಲ ಇಪ್ಪತ್ತು ಸೆಕೆಂಡುಗಳಲ್ಲಿ ಹೂವು, ಎಲೆ, ಮೇಣದಬತ್ತಿಗಳ ಬದಲು ತಕ್ಕಡಿಯನ್ನು ತೋರಿಸಿ, ಹಿನ್ನೆಲೆಯಲ್ಲಿ ಇಷ್ಟನ್ನು ಹೇಳಿಸಿ: ‘ಇದಕ್ಕೆ ಕಾಸ್ಟಿಕ್ ಸೋಡಾ ಹಾಕುತ್ತೇವೆ. ಅದಿಲ್ಲದೆ ಸೋಪಿಲ್ಲ. ತೂಕ ತಪ್ಪದಂತೆ ಹಾಕುವುದೇ ನಮ್ಮ ಕೆಲಸ; ನಿಮ್ಮ ಕೈಗೆ ಬರುವ ಹೊತ್ತಿಗೆ ಅದು ಸೋಡಾ ಆಗಿ ಉಳಿದಿರುವುದಿಲ್ಲ.’

ಈ ದೃಶ್ಯದಲ್ಲಿ ಕೈಗವಸು ಮತ್ತು ಕನ್ನಡಕ ಇರಲೇಬೇಕು. ಸೋಡಾವನ್ನು ನೀರಿಗೆ ಹಾಕುವುದನ್ನು ತೋರಿಸಬೇಕೇ ಹೊರತು ಸೋಡಾದ ಮೇಲೆ ನೀರು ಸುರಿಯುವುದನ್ನಲ್ಲ, ಏಕೆಂದರೆ ಹಾಗೆ ಸುರಿದರೆ ದ್ರಾವಣ ಕುದಿದು ಮೈಮೇಲೆ ಸಿಡಿಯಬಹುದು. ನೋಡಿದವರಲ್ಲಿ ಯಾರಾದರೂ ಮನೆಯಲ್ಲಿ ಮಾಡಿ ನೋಡುತ್ತಾರೆ ಎಂದುಕೊಂಡೇ ಚಿತ್ರೀಕರಿಸುವುದು ಒಳ್ಳೆಯದು.

ನಂತರದ ಅರ್ಧ ನಿಮಿಷವನ್ನು ನಾನು ಕಾಯುವಿಕೆಗೇ ಕೊಡುತ್ತೇನೆ. ಅಚ್ಚಿಗೆ ಸುರಿದ ಪಾಕ ಒಂದೆರಡು ದಿನಗಳಲ್ಲಿ ಗಟ್ಟಿಯಾಗಿ ಕತ್ತರಿಸಲು ಬರುತ್ತದೆ, ಆದರೆ ಆಗಲೇ ಮಾರಿದರೆ ಅದು ಬಚ್ಚಲಲ್ಲಿ ಬೇಗ ಕರಗಿ ಹೋಗುತ್ತದೆ. ನಾಲ್ಕರಿಂದ ಆರು ವಾರ ಗಾಳಿಯಾಡುವ ಕಡೆ ಇಟ್ಟಾಗ ಒಳಗಿನ ನೀರು ಆರಿ ಬಿಲ್ಲೆ ಬಿಗಿಯಾಗುತ್ತದೆ. ‘ತಾಳ್ಮೆಯಿಂದ ತಯಾರಿಸಿದ್ದು’ ಎಂಬ ಮಾತಿನಿಂದ ಇದು ಯಾರಿಗೂ ಅರ್ಥವಾಗದು. ಅದರ ಬದಲು ಒಂದೇ ಬಿಲ್ಲೆಯನ್ನು ಕತ್ತರಿಸಿದ ದಿನವೂ ತಿಂಗಳ ನಂತರವೂ ಅದೇ ತಕ್ಕಡಿಯ ಮೇಲಿಟ್ಟು ಎರಡು ಶಾಟ್ ತೆಗೆಯಿರಿ. ಮೊದಲು 115 ಗ್ರಾಂ ಎಂದು ತೋರಿಸಿದ ತಕ್ಕಡಿ ಆಮೇಲೆ 103 ಎಂದು ತೋರಿಸಿದರೆ, ಮಾತೇ ಬೇಕಾಗಿಲ್ಲ. ಇದಕ್ಕಾಗಿ ಬಿಡುಗಡೆಯ ದಿನಕ್ಕಿಂತ ಕನಿಷ್ಠ ಐದು ವಾರ ಮೊದಲೇ ಕ್ಯಾಮೆರಾ ಹಿಡಿಯಬೇಕು. ಸ್ಕ್ರಿಪ್ಟನ್ನು ಕೊನೆಯ ವಾರದಲ್ಲಿ ಬರೆಯುವವರಿಗೆ ಈ ಶಾಟ್ ಸಿಗುವುದೇ ಇಲ್ಲ.

ಮೊಡವೆ ಹೋಗುತ್ತದೆ, ಇಸುಬು ವಾಸಿಯಾಗುತ್ತದೆ ಎಂಬ ಮಾತುಗಳು ಬೇಡ. ಅನೇಕ ದೇಶಗಳಲ್ಲಿ ಹಾಗೆ ಹೇಳಿದ ಕ್ಷಣದಿಂದ ಸೋಪನ್ನು ಔಷಧವೆಂದು ಪರಿಗಣಿಸಿ ಬೇರೆಯೇ ನಿಯಮಗಳನ್ನು ಅನ್ವಯಿಸುತ್ತಾರೆ. ಅದೂ ಅಲ್ಲದೆ ಸೋಪು ಚರ್ಮದ ಮೇಲೆ ಇರುವುದೇ ಅರೆ ನಿಮಿಷ, ಆಮೇಲೆ ನೀರಿನೊಂದಿಗೆ ಹೊರಟುಹೋಗುತ್ತದೆ.

ಅದರ ಬದಲು ಹದಿನೈದು ಸೆಕೆಂಡುಗಳನ್ನು ಬಳಕೆಯ ಬಗ್ಗೆ ಖರ್ಚು ಮಾಡಿ. ಗ್ಲಿಸರಿನ್ ಉಳಿಸಿಕೊಂಡ ಸೋಪು ತೇವವನ್ನು ಎಳೆದುಕೊಳ್ಳುತ್ತದೆ, ನೀರು ನಿಂತ ತಟ್ಟೆಯಲ್ಲಿಟ್ಟರೆ ಲೋಳೆಯಾಗುತ್ತದೆ. ತೂತಿರುವ ತಟ್ಟೆಯಲ್ಲಿಡಿ ಎಂದು ಮೊದಲೇ ಹೇಳಿದ ಮಾರಾಟಗಾರನಿಗೆ ಎರಡನೇ ವಾರದ ದೂರುಗಳು ಕಡಿಮೆಯಾಗುತ್ತವೆ. ಜಾಹೀರಾತಿನಲ್ಲಿ ಸರಕಿನ ದೌರ್ಬಲ್ಯ ಹೇಳಬಾರದು ಎನ್ನುವವರಿದ್ದಾರೆ, ನಾನು ಒಪ್ಪುವುದಿಲ್ಲ.

ಉದ್ದದ ಬಗ್ಗೆ ಒಂದು ಮಾತು. ಎರಡು ನಿಮಿಷವೆಂದರೆ ಎರಡು ನಿಮಿಷವಿಡೀ ಮಾತನಾಡಬೇಕೆಂದಲ್ಲ. ಬರೆದದ್ದನ್ನು ಗಡಿಯಾರ ಹಿಡಿದು, ಉಸಿರಿಗೆ ಬಿಡುವು ಕೊಟ್ಟು ಗಟ್ಟಿಯಾಗಿ ಓದಿ; ಒಂದೂವರೆ ನಿಮಿಷ ಮೀರಿದರೆ ವಿಶೇಷಣಗಳನ್ನು ಕತ್ತರಿಸಿ. ಚಾಕು ಸೋಪನ್ನು ಸೀಳುವ ಸದ್ದಿಗೆ ಜಾಗ ಬೇಕು.

ಕೊನೆಯ ಇಪ್ಪತ್ತು ಸೆಕೆಂಡುಗಳಲ್ಲಿ ‘ದಾಸ್ತಾನು ಇರುವವರೆಗೆ ಮಾತ್ರ’ ಎಂಬ ಸವಕಲು ಮಾತಿನ ಬದಲು ನಿಜವಾದ ಲೆಕ್ಕವನ್ನೇ ಹೇಳಬಹುದು. ಮೇಲಿನ ಪಾಕದಿಂದ ಸಿಗುವುದು ಹೆಚ್ಚುಕಡಿಮೆ ಹನ್ನೆರಡು ಬಿಲ್ಲೆಗಳು. ಅಂಥ ಹತ್ತು ಪಾಕ ಮಾಡಿದ್ದರೆ ‘ಈಗ ನೂರಿಪ್ಪತ್ತು ಬಿಲ್ಲೆಗಳಿವೆ, ಮುಂದಿನವು ಇನ್ನೂ ಒಣಗುತ್ತಿವೆ’ ಎಂದು ಹೇಳಿ, ಅವು ಸಿದ್ಧವಾಗುವ ದಿನಾಂಕವನ್ನು ತೆರೆಯ ಮೇಲೆ ಹಾಕಿ, ಅದರ ಕೆಳಗೇ ಬೆಲೆಯನ್ನೂ ಆರ್ಡರ್ ಮಾಡುವ ವಿಧಾನವನ್ನೂ ಕೊಡಿ.