ತಪ್ಪು ಅಂತ ಗೊತ್ತು, ಆದರೂ ಮಾಡ್ತಾರೆ

ಕೇಳುಗರಿಗೆ ನಮಸ್ಕಾರ.

ಐದು ವರ್ಷದ ಮಗುವನ್ನು ಕರೆದು, ‘ಕದಿಯುವುದು ತಪ್ಪಾ?’ ಅಂತ ಕೇಳಿ. ‘ತಪ್ಪು’ ಅನ್ನುತ್ತದೆ. ಹದಿನೈದು ವರ್ಷದ ಹುಡುಗಿಯನ್ನು ಕೇಳಿ. ಅವಳೂ ಅದನ್ನೇ ಹೇಳುತ್ತಾಳೆ. ಹಾಗಾದರೆ ಈ ಹತ್ತು ವರ್ಷಗಳಲ್ಲಿ ಬೆಳೆದದ್ದಾದರೂ ಏನು? ಅದು ಗೊತ್ತಾಗಬೇಕಾದರೆ ಇನ್ನೊಂದು ಪ್ರಶ್ನೆ ಕೇಳಬೇಕು. ‘ಯಾಕೆ ತಪ್ಪು?’

ಅಮೆರಿಕದ ಮನಶ್ಶಾಸ್ತ್ರಜ್ಞ ಲಾರೆನ್ಸ್ ಕೋಲ್‌ಬರ್ಗ್ ಹಿಡಿದದ್ದು ಈ ‘ಯಾಕೆ’ಯನ್ನೇ. 1958ರಲ್ಲಿ ಷಿಕಾಗೋ ವಿಶ್ವವಿದ್ಯಾಲಯದಲ್ಲಿ ತಮ್ಮ ಸಂಶೋಧನೆಗಾಗಿ ಅವರು ಹತ್ತರಿಂದ ಹದಿನಾರು ವಯಸ್ಸಿನ ಹುಡುಗರಿಗೆ ಒಂದು ಕಥೆ ಹೇಳುತ್ತಿದ್ದರು. ಹೈಂಜ್ ಅಂತ ಒಬ್ಬ. ಅವನ ಹೆಂಡತಿ ಸಾಯುವ ಸ್ಥಿತಿಯಲ್ಲಿದ್ದಾಳೆ. ಔಷಧಿ ಇರುವುದು ಒಬ್ಬನೇ ವ್ಯಾಪಾರಿಯ ಹತ್ತಿರ. ಅವನು ಅಸಲಿನ ಹತ್ತು ಪಟ್ಟು ಬೆಲೆ ಕೇಳುತ್ತಾನೆ. ಎಷ್ಟು ಓಡಾಡಿದರೂ ಹೈಂಜ್‌ಗೆ ಸಿಕ್ಕಿದ್ದು ಅರ್ಧ ಹಣ ಮಾತ್ರ. ಉಳಿದದ್ದನ್ನು ಆಮೇಲೆ ಕೊಡ್ತೀನಿ ಅಂದರೂ ವ್ಯಾಪಾರಿ ಒಪ್ಪುವುದಿಲ್ಲ. ಹೈಂಜ್ ಅಂಗಡಿಗೆ ನುಗ್ಗಿ ಔಷಧಿ ಕದಿಯುತ್ತಾನೆ. ಅವನು ಮಾಡಿದ್ದು ಸರಿಯಾ?

ಸರಿ ಅಂದರೂ ಆಯಿತು, ತಪ್ಪು ಅಂದರೂ ಆಯಿತು. ಕೋಲ್‌ಬರ್ಗ್ ಅಳೆದದ್ದು ಅದನ್ನಲ್ಲ, ಅದರ ಹಿಂದಿನ ಕಾರಣವನ್ನು. ‘ಕದಿಯಬಾರದು, ಜೈಲಿಗೆ ಹಾಕ್ತಾರೆ’ ಅಂತ ಒಬ್ಬ ಹೇಳಿದರೆ, ಅವನ ಕಣ್ಣ ಮುಂದಿರುವುದು ಶಿಕ್ಷೆ. ‘ಕದೀಲಿ, ಅವನಿಗೆ ಹೆಂಡತಿ ಬೇಕಲ್ವಾ’ ಅನ್ನುವವನು ನೋಡುವುದು ಲಾಭವನ್ನು. ಈ ಯೋಚನೆ ಬೆಳೆಯುವುದನ್ನು ಕೋಲ್‌ಬರ್ಗ್ ಆರು ಹಂತಗಳಾಗಿ ನೋಡಿದರು, ಇವೆರಡೂ ಮೊದಲಿನವು. ಇನ್ನೂ ದೊಡ್ಡವರಾದಾಗ ಮಾತು ಬದಲಾಗುತ್ತದೆ. ‘ಒಳ್ಳೆಯ ಗಂಡ ಸುಮ್ನೆ ಕೂರಲಾರ’ ಅನ್ನುತ್ತಾರೆ. ಅಂದರೆ ಹತ್ತಿರದವರು ಏನೆಂದುಕೊಳ್ಳುತ್ತಾರೆ ಎನ್ನುವುದು ಮುಖ್ಯವಾಗುತ್ತದೆ. ಅದಾದ ಮೇಲೆ, ‘ಎಲ್ಲರೂ ಹೀಗೆ ಕಾನೂನು ಮುರಿದರೆ ಸಮಾಜ ನಡೆಯುವುದು ಹೇಗೆ?’ ಎಂಬ ಯೋಚನೆ. ಕೊನೆಗೆ, ಕಾನೂನನ್ನೇ ತೂಗಿ ನೋಡುವ ಶಕ್ತಿ. ಜೀವ ದೊಡ್ಡದೋ, ಆಸ್ತಿ ದೊಡ್ಡದೋ ಎಂದು ಕೇಳುವ ಶಕ್ತಿ. ಅದು ಹದಿಹರೆಯದಲ್ಲಿ ತೀರಾ ಅಪರೂಪ. ದೊಡ್ಡವರಲ್ಲೂ ಬಹಳ ಮಂದಿ ಅಲ್ಲಿಗೆ ತಲುಪುವುದಿಲ್ಲ. ಕೋಲ್‌ಬರ್ಗ್ ಹೇಳಿದ ಆರನೆಯ ಹಂತವಂತೂ ಉತ್ತರಗಳಲ್ಲಿ ಸಿಗುವುದೇ ಕಷ್ಟವಾಗಿ, ಅಂಕ ಹಾಕುವ ಪಟ್ಟಿಯಿಂದಲೇ ಅದನ್ನು ಬಿಡಬೇಕಾಯಿತು.

ಈ ಮೆಟ್ಟಿಲುಗಳ ಬಗ್ಗೆ ತಕರಾರುಗಳಿವೆ. ಮೊದಲ ಅಧ್ಯಯನದಲ್ಲಿ ಇದ್ದವರೆಲ್ಲ ಹುಡುಗರೇ. ಮನಶ್ಶಾಸ್ತ್ರಜ್ಞೆ ಕ್ಯಾರಲ್ ಗಿಲಿಗನ್ 1982ರಲ್ಲಿ ಇದನ್ನೇ ಎತ್ತಿ ತೋರಿಸಿ, ಕಾಳಜಿಯನ್ನು ನ್ಯಾಯಕ್ಕಿಂತ ಕೆಳಗಿನ ಮೆಟ್ಟಿಲಲ್ಲಿ ಕೂರಿಸಿದ್ದೇಕೆ ಎಂದು ಕೇಳಿದರು. ಆ ಪ್ರಶ್ನೆ ನನಗೆ ಇವತ್ತಿಗೂ ನ್ಯಾಯವಾದದ್ದು ಅನಿಸುತ್ತದೆ. ಆದರೆ ಇವತ್ತು ನಾನು ಹೇಳಬೇಕೆಂದಿರುವುದು ಬೇರೆ. ಈ ಮೆಟ್ಟಿಲುಗಳು ಅಳೆಯುವುದು ಮಾತನ್ನು. ಕೈಯಲ್ಲಿ ಔಷಧಿ ಇಲ್ಲ, ಎದುರಿಗೆ ಪೊಲೀಸರಿಲ್ಲ, ಹೆಂಡತಿಯೂ ಇಲ್ಲ. ಕಥೆ ಕೇಳಿ ಅಭಿಪ್ರಾಯ ಹೇಳುವಾಗ ಯಾರೂ ಏನನ್ನೂ ಕಳೆದುಕೊಳ್ಳುವುದಿಲ್ಲ.

ಏನಾದರೂ ಕಳೆದುಕೊಳ್ಳಬೇಕಾಗಿ ಬಂದರೆ? ಕ್ರೇಗ್ ಸ್ಮಿತ್, ಪೀಟರ್ ಬ್ಲೇಕ್ ಮತ್ತು ಪಾಲ್ ಹ್ಯಾರಿಸ್ 2013ರಲ್ಲಿ ಪ್ರಕಟಿಸಿದ ಒಂದು ಪ್ರಯೋಗ ಇದನ್ನು ಬಹಳ ಚೆನ್ನಾಗಿ ತೋರಿಸುತ್ತದೆ. ಮೂರರಿಂದ ಎಂಟು ವರ್ಷದ ಮಕ್ಕಳಿಗೆ ಸ್ಟಿಕರ್‌ಗಳನ್ನು ಕೊಟ್ಟರು. ಇನ್ನೊಂದು ಮಗುವಿಗೆ ಎಷ್ಟು ಕೊಡಬೇಕು ಅಂತ ಕೇಳಿದರು. ಮೂರು ವರ್ಷದವರೂ ಸೇರಿ ಎಲ್ಲ ವಯಸ್ಸಿನವರೂ ಹೇಳಿದ್ದು ಸಮಪಾಲು ಅಂತಲೇ. ಆಮೇಲೆ ನಿಜವಾಗಿ ಹಂಚುವ ಸರದಿ ಬಂತು. ಚಿಕ್ಕವರು ಜಾಸ್ತಿ ಪಾಲನ್ನು ತಾವೇ ಇಟ್ಟುಕೊಂಡರು. ಏಳೆಂಟು ವರ್ಷದವರು ಮಾತ್ರ ಹೇಳಿದಂತೆ ಅರ್ಧರ್ಧ ಹಂಚಿದರು.

ಇದಕ್ಕೆ ನಮಗೆ ಥಟ್ಟನೆ ಹೊಳೆಯುವ ವಿವರಣೆ ಏನು? ‘ಪಾಪ, ಆಸೆ ತಡೆಯಲಾಗಲಿಲ್ಲ’ ಅಂತ, ಅಲ್ವಾ? ಸಂಶೋಧಕರು ಅದನ್ನೂ ಪರೀಕ್ಷಿಸಿದರು. ನೀನು ಎಷ್ಟು ಕೊಡ್ತೀಯ ಅಂತ ಮುಂಚೆಯೇ ಕೇಳಿದರು. ಚಿಕ್ಕ ಮಕ್ಕಳು ತಾವೇ ಜಾಸ್ತಿ ಇಟ್ಟುಕೊಳ್ಳುತ್ತೇವೆ ಅಂತ ಸರಿಯಾಗಿಯೇ ಹೇಳಿಬಿಟ್ಟರು! ಆಸೆಗೆ ಸೋತು ಮಾತು ತಪ್ಪಿದವರಾಗಿದ್ದರೆ, ಮೊದಲು ಅರ್ಧ ಕೊಡ್ತೀನಿ ಅಂದು ಆಮೇಲೆ ಜಾರುತ್ತಿದ್ದರು. ಇಲ್ಲಿ ಹಾಗಾಗಲಿಲ್ಲ. ನಿಯಮ ಗೊತ್ತು, ತಾನು ಅದನ್ನು ಪಾಲಿಸುವುದಿಲ್ಲ ಎಂಬುದೂ ಗೊತ್ತು. ಕಡಿಮೆಯಿದ್ದದ್ದು ಆ ನಿಯಮಕ್ಕೆ ಮಗುವಿನ ಮನಸ್ಸಿನಲ್ಲಿದ್ದ ತೂಕ. ವಯಸ್ಸಾದಂತೆ ಆ ತೂಕ ಹೆಚ್ಚುತ್ತದೆ.

1980ರ ದಶಕದಲ್ಲಿ ಜರ್ಮನಿಯ ಸಂಶೋಧಕಿಯರು ನೋಡಿದ್ದೂ ಇದಕ್ಕೆ ಹೊಂದುತ್ತದೆ. ಸಿಹಿ ಕದ್ದು ತಿಂದ ಮಗುವಿನ ಕಥೆ ಹೇಳಿ, ಅದಕ್ಕೆ ಈಗ ಹೇಗನಿಸುತ್ತಿದೆ ಅಂತ ಕೇಳಿದರು. ಕದಿಯುವುದು ತಪ್ಪು ಅಂತ ತಿಳಿದಿದ್ದ ನಾಲ್ಕು ವರ್ಷದವರು, ‘ಖುಷಿಯಾಗಿದೆ, ಸಿಹಿ ಸಿಕ್ಕಿತಲ್ಲ’ ಅಂದರು. ಎಂಟು ವರ್ಷದವರು ಅದರ ಮನಸ್ಸಿಗೆ ಬೇಜಾರಾಗಿರುತ್ತದೆ ಅಂದರು. ತಪ್ಪಿನ ಅರಿವು ಮೊದಲು ಬರುತ್ತದೆ. ತಪ್ಪು ಮಾಡಿದರೆ ನೋವಾಗುತ್ತದೆ ಎಂಬ ತಿಳಿವಳಿಕೆ ಅದರ ಹಿಂದೆ ನಿಧಾನವಾಗಿ ಬರುತ್ತದೆ.

ಎಂಟು ವರ್ಷಕ್ಕೆ ಎಲ್ಲ ಸರಿಹೋಯಿತಾ ಅಂದರೆ, ಇಲ್ಲ. ಹ್ಯೂ ಹಾರ್ಟ್‌ಶಾರ್ನ್ ಮತ್ತು ಮಾರ್ಕ್ ಮೇ 1920ರ ದಶಕದಲ್ಲಿ ಅಮೆರಿಕದ ಸಾವಿರಾರು ಶಾಲಾ ಮಕ್ಕಳನ್ನು ಪರೀಕ್ಷಿಸಿದರು. ಒಂದು ಪರೀಕ್ಷೆಯಲ್ಲಿ ಮಕ್ಕಳು ಉತ್ತರ ಬರೆದು ಕೊಡುತ್ತಿದ್ದರು. ಸಂಶೋಧಕರು ಅದನ್ನು ಗುಟ್ಟಾಗಿ ನಕಲು ಮಾಡಿಟ್ಟುಕೊಂಡು, ಆಮೇಲೆ ಅದೇ ಹಾಳೆಯನ್ನು ಸರಿ ಉತ್ತರಗಳ ಜೊತೆ ವಾಪಸು ಕೊಟ್ಟು, ‘ನೀವೇ ಅಂಕ ಹಾಕಿಕೊಳ್ಳಿ’ ಅನ್ನುತ್ತಿದ್ದರು. ಯಾರು ತಿದ್ದಿದರು ಎನ್ನುವುದು ಎರಡೂ ಪ್ರತಿಗಳನ್ನು ಹೋಲಿಸಿದರೆ ಗೊತ್ತಾಗುತ್ತಿತ್ತು. ಇನ್ನೊಂದರಲ್ಲಿ ಕಣ್ಣು ಮುಚ್ಚಿಕೊಂಡು ಸಣ್ಣ ಸಣ್ಣ ವೃತ್ತಗಳೊಳಗೆ ಗುರುತು ಹಾಕಬೇಕು. ಕಣ್ಣು ಮುಚ್ಚಿದರೆ ಅದು ಬಹುಮಟ್ಟಿಗೆ ಅಸಾಧ್ಯವಾದ ಕೆಲಸ. ಹಾಗಾಗಿ ಎಲ್ಲವೂ ಸರಿಯಾಗಿ ಬಿದ್ದಿದ್ದರೆ, ಮಗು ಇಣುಕಿದೆ ಅಂತ ಅರ್ಥ.

ಒಂದು ಪರೀಕ್ಷೆಯಲ್ಲಿ ಮೋಸ ಮಾಡಿದವರು ಇನ್ನೊಂದರಲ್ಲೂ ಮಾಡುತ್ತಾರೆ ಎನ್ನುವಂತಿರಲಿಲ್ಲ. ಎಲ್ಲ ಕಡೆ ಪ್ರಾಮಾಣಿಕರೂ ಕಡಿಮೆ, ಎಲ್ಲ ಕಡೆ ಮೋಸಗಾರರೂ ಕಡಿಮೆ. ಹೆಚ್ಚಿನ ಮಕ್ಕಳು ನಡುವೆ ಎಲ್ಲೋ ಇದ್ದರು. ಸರಿತಪ್ಪಿನ ಬಗ್ಗೆ ಚೆನ್ನಾಗಿ ಉತ್ತರಿಸಿದವರೆಲ್ಲ ಚೆನ್ನಾಗಿ ನಡೆದುಕೊಳ್ಳಲೂ ಇಲ್ಲ. ಸಿಕ್ಕಿಬೀಳುವ ಭಯ ಎಷ್ಟಿದೆ, ತರಗತಿಯ ಉಳಿದವರು ಏನು ಮಾಡುತ್ತಾರೆ ಎನ್ನುವುದು ಮುಖ್ಯವಾಗಿತ್ತು. ಆಮೇಲೆ ಅದೇ ಅಂಕಿಗಳನ್ನು ಮತ್ತೆ ಲೆಕ್ಕ ಹಾಕಿದವರು, ಎಲ್ಲ ಕಡೆ ಹರಿದ ಪ್ರಾಮಾಣಿಕತೆಯ ಒಂದು ಎಳೆಯೂ ಇದೆ ಎಂದು ತೋರಿಸಿದರು. ಆದರೆ ಅದು ತೆಳು ಎಳೆ.

ಆಗಸ್ಟೊ ಬ್ಲಾಸಿ 1980ರಲ್ಲಿ ಇಂಥ ಅಧ್ಯಯನಗಳನ್ನೆಲ್ಲ ಒಟ್ಟಿಗೆ ನೋಡಿದಾಗ, ಯೋಚನೆಗೂ ನಡತೆಗೂ ನಂಟಿದೆ, ಆದರೆ ಅದೊಂದರಿಂದಲೇ ನಡತೆಯನ್ನು ಹೇಳಲಾಗದು ಎಂಬುದು ಕಂಡಿತು. ‘ಇದು ಸರಿ’ ಮತ್ತು ‘ನಾನು ಮಾಡುತ್ತೇನೆ’ ಇವೆರಡರ ನಡುವೆ ‘ಇದು ಮಾಡದಿದ್ದರೆ ನಾನು ನಾನಲ್ಲ’ ಎನ್ನುವ ಭಾವ ಬೇಕು ಎಂದರು ಅವರು. ಆ ಭಾವ ಹದಿಹರೆಯದಲ್ಲಿ ಕಟ್ಟಿಕೊಳ್ಳುತ್ತಾ ಹೋಗುವಂಥದ್ದು. ಆದರೆ ಗೆಳೆಯರ ಎಳೆತ ಜೋರಾಗಿರುವುದೂ ಅದೇ ವಯಸ್ಸಿನಲ್ಲಿ.

ಹಾಗಾಗಿ ನಕಲು ಮಾಡಿ ಸಿಕ್ಕಿಬಿದ್ದ ಹುಡುಗನ ಮುಂದೆ ನಿಂತು, ‘ಇದು ತಪ್ಪು ಅಂತ ಗೊತ್ತಿಲ್ಲವಾ?’ ಅಂತ ಕೇಳಿದರೆ ಉತ್ತರ ನಮಗೆ ಮೊದಲೇ ಗೊತ್ತಿರುತ್ತದೆ. ಅವನಿಗೆ ಗೊತ್ತಿದೆ. ‘ಆ ಹೊತ್ತಿನಲ್ಲಿ ಅಕ್ಕಪಕ್ಕದವರು ಏನು ಮಾಡುತ್ತಿದ್ದರು? ಫೇಲ್ ಆದರೆ ಏನಾಗುತ್ತದೆ ಅನ್ನಿಸಿತ್ತು? ಬರೆದು ಮುಗಿಸಿದಾಗ ಹೇಗನಿಸಿತು?’ ಅಂತ ಕೇಳಿ ನೋಡಿ. ಇವಕ್ಕೆ ಅವನು ಸ್ವಲ್ಪ ಯೋಚಿಸಿ ಉತ್ತರ ಕೊಡಬೇಕಾಗುತ್ತದೆ.

ನಮಸ್ಕಾರ.