ಪೆಟ್ಟಾದ ದಿನವೇ ಕಂಪ್ಲೇಂಟ್ ಕೊಡಿ

ಕೇಳುಗರಿಗೆ ನಮಸ್ಕಾರ. ನಾನು ಕೋಲಾರದಲ್ಲಿ ಅಪಘಾತ ಪರಿಹಾರದ ಕೇಸುಗಳನ್ನು ನಡೆಸುವ ವಕೀಲ. ಇವತ್ತು ನಾನು ಹೇಳೋದು ಒಂದೇ ಮಾತು. ಗಾಡಿ ಗುದ್ದಿ ಮನುಷ್ಯರಿಗೆ ಪೆಟ್ಟಾಗಿದ್ದರೆ ಅವತ್ತೇ ಪೊಲೀಸ್ ಕಂಪ್ಲೇಂಟ್ ಕೊಡಿ.

ನಿಮ್ಮ ಕಾರಿನ ಬಂಪರ್ ಮಾತ್ರ ಒಡೆದಿದೆ, ಯಾರಿಗೂ ಏನೂ ಆಗಿಲ್ಲ ಅಂದ್ರೆ ಸಾಮಾನ್ಯವಾಗಿ ಎಫ್‌ಐಆರ್ ಬೇಕಾಗಲ್ಲ. ಇನ್ಶೂರೆನ್ಸ್ ಕಂಪನಿಗೆ ಫೋನ್ ಮಾಡಿ, ಫೋಟೊ ತೆಗೆದಿಡಿ. ಸರ್ವೇಯರ್ ಬಂದು ನೋಡುವವರೆಗೂ ರಿಪೇರಿ ಶುರು ಮಾಡಿಸಬೇಡಿ. ಆದರೆ ಪೆಟ್ಟಾದವರು ಎದುರಿನ ಗಾಡಿಯ ಇನ್ಶೂರೆನ್ಸ್‌ನಿಂದ ಪರಿಹಾರ ಕೇಳಬೇಕಾದರೆ ಕಥೆಯೇ ಬೇರೆ. ಇಂಥ ದಿನ, ಇಂಥ ಜಾಗದಲ್ಲಿ, ಇದೇ ಗಾಡಿ ಗುದ್ದಿತು ಅಂತ ತೋರಿಸಬೇಕು. ಅದಕ್ಕೆ ಮೊದಲ ಕಾಗದವೇ ಎಫ್‌ಐಆರ್.

ನನ್ನ ಒಬ್ಬ ಕಕ್ಷಿದಾರನ ಕಥೆ ಹೇಳ್ತೀನಿ. ಶ್ರೀನಿವಾಸಪುರ ಕಡೆಯ ಟೊಮೇಟೊ ಬೆಳೆಗಾರ. ಕೋಲಾರದ ಎಪಿಎಂಸಿಯಲ್ಲಿ ಹರಾಜು ಮುಗಿಸಿಕೊಂಡು ಬಾಮೈದನ ಜೊತೆ ಬೈಕಿನಲ್ಲಿ ಊರಿಗೆ ಹೊರಟಿದ್ದ. ಹಿಂದಿನಿಂದ ಒಂದು ಗೂಡ್ಸ್ ಟೆಂಪೊ ಗುದ್ದಿತು. ಮೊಣಕಾಲಿನ ಕೆಳಗೆ ಮೂಳೆ ಮುರಿಯಿತು. ಟೆಂಪೊ ಡ್ರೈವರ್ ಓಡಿಹೋಗಲಿಲ್ಲ, ಪಾಪ. ತಾನೇ ಆಸ್ಪತ್ರೆಗೆ ಕರೆದುಕೊಂಡು ಹೋದ, ಕೈಗೆ 5 ಸಾವಿರ ಕೊಟ್ಟ. "ಅಣ್ಣಾ, ಕೇಸ್ ಮಾತ್ರ ಬೇಡ, ಖರ್ಚೆಲ್ಲಾ ನಾನು ನೋಡ್ಕೊತೀನಿ" ಅಂದ. ನಮ್ಮ ಕಡೆಯವನೇ ಅಲ್ವಾ ಅಂತ ಇವರೂ ಒಪ್ಪಿಕೊಂಡರು.

ಕ್ಯಾಶುಯಾಲ್ಟಿಯಲ್ಲಿ ಡಾಕ್ಟರು ಹೇಗಾಯ್ತು ಅಂತ ಕೇಳಿದರು. ಬಾಮೈದ ಹೇಳಿದ, "ಬೈಕ್ ಸ್ಕಿಡ್ ಆಗಿ ಬಿದ್ರು ಸಾರ್." ಡಾಕ್ಟರು ಹಾಗೇ ಬರೆದುಕೊಂಡರು. ಆ ಒಂದು ಸಾಲು ನೆನಪಿಟ್ಟುಕೊಳ್ಳಿ.

ಮೂರನೇ ದಿನ ಆಪರೇಷನ್ ಮಾಡಿ ರಾಡ್ ಹಾಕಿದರು. ಬಿಲ್ 1 ಲಕ್ಷ 60 ಸಾವಿರ. ಡ್ರೈವರ್ ಫೋನ್ ಸ್ವಿಚ್ ಆಫ್. ಇವರು ಕಂಪ್ಲೇಂಟ್ ಕೊಟ್ಟಿದ್ದು 24ನೇ ದಿನ. ಎಫ್‌ಐಆರ್ ಆಯ್ತು, ಮಹಜರು ಆಯ್ತು, ಡ್ರೈವರ್ ಮೇಲೆ ಚಾರ್ಜ್‌ಶೀಟೂ ಆಯ್ತು. ಇನ್ನೇನು ಗೆದ್ದೆವು ಅಂದುಕೊಂಡೆ ನಾನು. ಆಮೇಲೆ ಇನ್ಶೂರೆನ್ಸ್ ಕಂಪನಿ ವಕೀಲರು ಆಸ್ಪತ್ರೆಯ ದಾಖಲೆ ತರಿಸಿ ಆ ಸಾಲನ್ನು ಓದಿದರು. "ತಾನೇ ಬಿದ್ದವರು, ದುಡ್ಡಿಗಾಗಿ ಆಮೇಲೆ ಟೆಂಪೊ ಸೇರಿಸಿದ್ದಾರೆ" ಅಂದರು. ನನ್ನ ಕಕ್ಷಿದಾರ ತನ್ನ ಕಾಲನ್ನೇ ನೋಡುತ್ತಾ ನಿಂತಿದ್ದ. ಅರ್ಜಿ ವಜಾ ಆಯ್ತು. ಟೆಂಪೊ ಗುದ್ದಿದ್ದು ನಿಜ, ಇನ್ಶೂರೆನ್ಸ್ ಇದ್ದಿದ್ದೂ ನಿಜ. ಒಂದು ರೂಪಾಯಿ ಬರಲಿಲ್ಲ.

ತಡವಾಗಿದ್ದಕ್ಕೇ ಸೋತದ್ದಲ್ಲ. ತಡವಾಯ್ತು ಅನ್ನೋ ಒಂದೇ ಕಾರಣಕ್ಕೆ ಪರಿಹಾರ ನಿರಾಕರಿಸಬಾರದು ಅಂತ ಸುಪ್ರೀಂ ಕೋರ್ಟ್ 2011ರಲ್ಲೇ ಹೇಳಿದೆ. ಗಾಯಾಳುವನ್ನು ಉಳಿಸಿಕೊಳ್ಳೋದು ಮೊದಲು, ಸ್ಟೇಷನ್ ಆಮೇಲೆ. ಆದರೆ ಆಸ್ಪತ್ರೆಯಲ್ಲಿ ಒಂದು, ಸ್ಟೇಷನ್‌ನಲ್ಲಿ ಇನ್ನೊಂದು ಹೇಳಿದರೆ ಯಾವ ವಕೀಲನೂ ಏನೂ ಮಾಡಕ್ಕಾಗಲ್ಲ. ಎಷ್ಟು ಸಲ ಹೇಳಿದರೂ ನಮ್ಮ ಜನ ಇದನ್ನು ಕೇಳಲ್ಲ, ನನಗೆ ಸಿಟ್ಟೇ ಬರುತ್ತೆ. ಡಾಕ್ಟರಿಗೆ ನಿಜ ಹೇಳಿ. "ಟೆಂಪೊ ಗುದ್ದಿತು" ಅಂದರೆ ಅವರು ಎಂಎಲ್‌ಸಿ, ಅಂದರೆ ಪೊಲೀಸ್ ಕೇಸಿಗೆ ಬೇಕಾದ ಗಾಯದ ದಾಖಲೆ ಮಾಡಿ ಪೊಲೀಸರಿಗೆ ತಿಳಿಸುತ್ತಾರೆ. ಅದಕ್ಕೆ ಹೆದರಬೇಡಿ, ಅದೇ ನಿಮ್ಮ ಸಾಕ್ಷಿ.

ಕಂಪ್ಲೇಂಟನ್ನು ಗಾಯಾಳುವೇ ಕೊಡಬೇಕಂತಿಲ್ಲ. ಹೆಂಡತಿ, ಅಣ್ಣ, ಜೊತೆಯಲ್ಲಿದ್ದವರು, ಯಾರಾದರೂ ಕೊಡಬಹುದು. ದಿನ, ಹೊತ್ತು, ಜಾಗ ಬರೆಯಿರಿ. ಹತ್ತಿರದ ಬಸ್‌ಸ್ಟಾಪೋ ಪೆಟ್ರೋಲ್ ಬಂಕೋ ಇದ್ದರೆ ಅದನ್ನೂ ಸೇರಿಸಿ. ಗಾಡಿ ನಂಬರ್ ಗೊತ್ತಿದ್ದರೆ ಹಾಕಿ. ಗೊತ್ತಿಲ್ಲದಿದ್ದರೆ "ನಂಬರ್ ತಿಳಿಯದ ಲಾರಿ" ಅಂತಲೇ ಬರೆಯಿರಿ, ಊಹೆ ಮಾಡಿ ಬರೆಯಬೇಡಿ. ಗುದ್ದಿ ಓಡಿಹೋದ ಗಾಡಿ ಸಿಗದೇ ಇದ್ದರೂ ಸರ್ಕಾರದ ಪರಿಹಾರ ಇದೆ. ಸಾವಾಗಿದ್ದರೆ 2 ಲಕ್ಷ, ಮೂಳೆ ಮುರಿದಂಥ ಗಂಭೀರ ಗಾಯಕ್ಕೆ 50 ಸಾವಿರ. ಅದಕ್ಕೂ ಎಫ್‌ಐಆರ್ ಬೇಕು. ಪ್ರತಿಯನ್ನು ಪುಕ್ಕಟೆ ಕೊಡಬೇಕು, ಕೇಳಿ ಇಸ್ಕೊಳ್ಳಿ. "ಇದು ನಮ್ಮ ಸರಹದ್ದಲ್ಲ" ಅಂದರೆ, ಯಾವ ಸ್ಟೇಷನ್‌ನಲ್ಲಾದರೂ ದಾಖಲಿಸಬಹುದಾದ ಝೀರೋ ಎಫ್‌ಐಆರ್ ಮಾಡಿ ಅನ್ನಿ. ಆಗಲ್ಲ ಅಂದರೆ ಅದೇ ಕಂಪ್ಲೇಂಟನ್ನು ಜಿಲ್ಲಾ ಎಸ್‌ಪಿಯವರಿಗೆ ಸ್ಪೀಡ್ ಪೋಸ್ಟಿನಲ್ಲಿ ಕಳಿಸಿ.

ಗಾಡಿ ಓಡಿಸುವವರಿಗೂ ಎರಡು ಮಾತು ಇಟ್ಟುಕೊಂಡಿದ್ದೆ. ಗಾಜಿನ ಆಚೆಯಿಂದ ಸಮಯ ಆಯ್ತು ಅಂತ ಕೈ ಮಾಡ್ತಿದ್ದಾರೆ, ಒಂದೇ ಹೇಳ್ತೀನಿ. ನಿಮ್ಮ ಗಾಡಿಯಿಂದ ಯಾರಿಗಾದರೂ ಪೆಟ್ಟಾದರೆ 24 ಗಂಟೆಯೊಳಗೆ ಸ್ಟೇಷನ್‌ಗೆ ತಿಳಿಸೋದು ಕಾನೂನು. ನಿಮ್ಮ ಇನ್ಶೂರೆನ್ಸ್ ಕಂಪನಿಗೂ ಬರೆದು ತಿಳಿಸಿ. ಇನ್ನು ಕೋರ್ಟಿನಲ್ಲಿ ಪರಿಹಾರದ ಅರ್ಜಿ ಹಾಕುವವರು ಆರು ತಿಂಗಳೊಳಗೆ ಹಾಕಿಬಿಡಿ. ನಮಸ್ಕಾರ.