ರಾತ್ರಿ ಅಂಗಡಿ ಮುಚ್ಚುವ ಮುಂಚೆ: ಆ್ಯಪ್‌ನ ಲೆಕ್ಕ, ಬಿಲ್ಲಿನ ಲೆಕ್ಕ

ಎಲ್ಲರಿಗೂ ನಮಸ್ಕಾರ. ಇಲ್ಲಿರುವ ಬಹುತೇಕರು ಕಿರಾಣಿ, ಸ್ಟೇಷನರಿ, ಹಾರ್ಡ್‌ವೇರ್ ಅಂಗಡಿಯವರು. ನಾನು ನಿಮ್ಮಂಥವರ ಲೆಕ್ಕ ಬರೆಯುವವನು. ಹಾಗಾಗಿ ಯುಪಿಐ ಹೇಗೆ ಕೆಲಸ ಮಾಡುತ್ತದೆ ಎಂದು ಪಾಠ ಹೇಳುವುದಿಲ್ಲ, ಅದು ನಿಮಗೆ ಗೊತ್ತೇ ಇದೆ. ರಾತ್ರಿ ಬಿಲ್ಲಿಗೂ ಆ್ಯಪಿಗೂ ತಾಳೆ ನೋಡುವುದು ಹೇಗೆ, ಅದನ್ನಷ್ಟೇ ಮಾತಾಡೋಣ.

ಜಾಸ್ತಿ ಜನ ಮಾಡುವುದು ಇಷ್ಟೇ. ಆ್ಯಪ್ ತೆಗೆದು ಇವತ್ತಿನ ಒಟ್ಟು ಎಷ್ಟು ಅಂತ ನೋಡುತ್ತಾರೆ, ಬಿಲ್ಲಿನ ಒಟ್ಟಿಗೆ ಹತ್ತಿರ ಇದ್ದರೆ ಸರಿ ಅಂದುಕೊಂಡು ಶಟರ್ ಎಳೆಯುತ್ತಾರೆ. ಆ್ಯಪ್‌ನಲ್ಲಿ ಸ್ವಲ್ಪ ಜಾಸ್ತಿ ಇದ್ದರಂತೂ ಖುಷಿ. ಅಲ್ಲೇ ಮೋಸ ಹೋಗುವುದು. ಒಂದು ಉದಾಹರಣೆ ಹೇಳುತ್ತೇನೆ.

ದಾವಣಗೆರೆಯ ಒಂದು ಕಿರಾಣಿ ಅಂಗಡಿ ಅಂದುಕೊಳ್ಳಿ. ಶನಿವಾರ ರಾತ್ರಿ 9.30ಕ್ಕೆ ಲೆಕ್ಕ ನಿಲ್ಲಿಸಿದರು. ಯುಪಿಐ ಅಂತ ಗುರುತು ಹಾಕಿದ ಬಿಲ್ಲುಗಳು 41, ಮೊತ್ತ 12,840 ರೂಪಾಯಿ. ಆ್ಯಪ್‌ನಲ್ಲಿ ಬಂದ ಪೇಮೆಂಟ್ 42, ಮೊತ್ತ 13,115. ಅಂದರೆ 275 ರೂಪಾಯಿ ಜಾಸ್ತಿ. ಯಾರೋ ತಪ್ಪಿ ಜಾಸ್ತಿ ಹಾಕಿರಬೇಕು ಬಿಡು ಅನ್ನಿಸುತ್ತದೆ, ಅಲ್ವಾ? ಆದರೆ ಒಂದೊಂದೇ ಸಾಲು ನೋಡಿದಾಗ ಸಿಕ್ಕಿದ್ದು ಬೇರೆಯೇ.

ಮೊದಲು, ನೋಡುವುದು ಹೇಗೆ ಅಂತ. ಗಿರಾಕಿಯ ಹೆಸರಿನಿಂದ ಹುಡುಕಬೇಡಿ. ಸಾಮಾನು ಒಯ್ಯುವುದು ಗಂಡ, ದುಡ್ಡು ಬರುವುದು ಹೆಂಡತಿಯ ಖಾತೆಯಿಂದ, ಇಲ್ಲವೇ ಮಗನ ಫೋನಿನಿಂದ. ಹೆಸರು ಕೈಕೊಡುತ್ತದೆ. ಮೊತ್ತ ಮತ್ತು ಸಮಯ, ಈ ಎರಡೇ ನಂಬಿಕೆಗೆ ಅರ್ಹ. ಪ್ರಿಂಟ್ ಆಗುವ ಬಿಲ್ಲಿನಲ್ಲಿ ಸಮಯ ತಾನಾಗಿಯೇ ಇರುತ್ತದೆ. ಕೈಬಿಲ್ಲು ಬರೆಯುವವರು ಮೂಲೆಯಲ್ಲಿ ಗಂಟೆ ಗೀಚಿಡಿ, ಸಾಕು. ಆಮೇಲೆ ಎರಡನ್ನೂ ಬೆಳಗ್ಗೆಯಿಂದ ರಾತ್ರಿಯವರೆಗೆ ಸಾಲಾಗಿ ಇಟ್ಟುಕೊಂಡು ಟಿಕ್ ಹಾಕುತ್ತಾ ಬನ್ನಿ. 20 ರೂಪಾಯಿಯ ಪೇಮೆಂಟ್ ಹತ್ತು ಇದ್ದರೆ ಯಾವುದು ಯಾರದ್ದು ಅಂತ ತಲೆ ಕೆಡಿಸಿಕೊಳ್ಳಬೇಡಿ. ಅಲ್ಲಿ ಹತ್ತು, ಇಲ್ಲಿ ಹತ್ತು ಇದ್ದರೆ ಮುಗಿಯಿತು.

ಕಂಪ್ಯೂಟರ್ ಇರುವವರು ಆ್ಯಪ್‌ನಿಂದ ಸ್ಟೇಟ್‌ಮೆಂಟ್ ಇಳಿಸಿಕೊಂಡು ಎಕ್ಸೆಲ್‌ನಲ್ಲಿ ತೆರೆಯಿರಿ. ಫೇಲ್ ಆದದ್ದು, ಪೆಂಡಿಂಗ್ ಇರುವುದು ಅದರಲ್ಲಿದ್ದರೆ ಮೊದಲು ಬೇರೆ ತೆಗೆದಿಡಿ, ಇಲ್ಲದಿದ್ದರೆ ಬರದ ದುಡ್ಡೂ ಒಟ್ಟಿಗೆ ಸೇರಿಕೊಳ್ಳುತ್ತದೆ. ಬಿಲ್ಲಿನ ಮೊತ್ತಗಳು A ಕಾಲಂನಲ್ಲಿ, ಆ್ಯಪ್‌ನ ಮೊತ್ತಗಳು C ಕಾಲಂನಲ್ಲಿ ಇದ್ದರೆ D2ನಲ್ಲಿ ಇದನ್ನು ಹಾಕಿ ಕೆಳಗಿನವರೆಗೆ ಎಳೆಯಿರಿ:

```
=COUNTIF(A:A,C2)-COUNTIF(C:C,C2)
```

ಸೊನ್ನೆ ಬಂದರೆ ಆ ಮೊತ್ತ ಎರಡೂ ಕಡೆ ಅಷ್ಟೇ ಸಲ ಇದೆ ಎಂದರ್ಥ. ಸೊನ್ನೆ ಬರದ ಸಾಲನ್ನು ಮಾತ್ರ ನೋಡಿ. ಬಿಲ್ಲಿನ ಕಡೆಗೂ ಹೀಗೇ ಇನ್ನೊಂದು ಹಾಕಬೇಕು, ಯಾಕೆಂದರೆ ಬಿಲ್ಲಿನಲ್ಲಿದ್ದು ಆ್ಯಪ್‌ನಲ್ಲಿ ಇಲ್ಲವೇ ಇಲ್ಲದ ಮೊತ್ತ ಈ ಕಡೆಯಿಂದ ಕಾಣುವುದಿಲ್ಲ. ಇನ್ನೊಂದು ಮಾತು. ಪ್ರತಿ ಪೇಮೆಂಟಿಗೂ ಬೇರೆಬೇರೆ ಇರುವ 12 ಅಂಕಿಯ ಯುಟಿಆರ್ ನಂಬರ್ ಎಕ್ಸೆಲ್‌ನಲ್ಲಿ `4.12346E+11` ಅಂತ ವಿಚಿತ್ರವಾಗಿ ಕಂಡರೆ ಗಾಬರಿ ಬೇಡ, ಫೈಲ್ ಕೆಟ್ಟಿಲ್ಲ. ಆ ಕಾಲಂ ಅನ್ನು `Number` ಮಾಡಿ ದಶಾಂಶ ಸೊನ್ನೆ ಇಟ್ಟರೆ ಪೂರ್ತಿ ಕಾಣುತ್ತದೆ.

ಈಗ ನಮ್ಮ ಅಂಗಡಿಗೆ ಬರೋಣ. ಟಿಕ್ ಬೀಳದೆ ಉಳಿದವು ಇವು.

ಆ್ಯಪ್‌ನಲ್ಲಿ 500 ರೂಪಾಯಿ ಇದೆ, ಬಿಲ್ ಇಲ್ಲ. ಅದು ಹಳೇ ಉದ್ರಿ ತೀರಿಸಿದ್ದು. ಇವತ್ತಿನ ವ್ಯಾಪಾರ ಅಲ್ಲ, ಉದ್ರಿ ಪುಸ್ತಕದಲ್ಲಿ ಕಳೆಯಬೇಕು. ಆ್ಯಪ್‌ನಲ್ಲಿ 142 ಇದೆ, ಅದಕ್ಕೂ ಯುಪಿಐ ಬಿಲ್ ಇಲ್ಲ. ಹುಡುಕಿದರೆ ಅದೇ ಸಮಯದ 142ರ ಬಿಲ್ಲಿಗೆ ಹುಡುಗ ಕ್ಯಾಶ್ ಅಂತ ಗುರುತು ಹಾಕಿದ್ದ. ಇದು ನಿಜವೋ ಅಲ್ಲವೋ ಗೊತ್ತಾಗುವುದು ಗಲ್ಲಾಪೆಟ್ಟಿಗೆಯಿಂದ: ಅಲ್ಲಿ ನಗದು ಸರಿಯಾಗಿ 142 ಕಡಿಮೆ ಇರಬೇಕು. ಇತ್ತು. ಕಡಿಮೆ ಇಲ್ಲದಿದ್ದರೆ ಕಥೆ ಬೇರೆ. ಬಿಲ್ ಮಾಡದೇ ಇನ್ನೊಂದು ವ್ಯಾಪಾರ ಆಗಿದೆ ಅಂತ ಅನುಮಾನ ಪಡಬೇಕಾಗುತ್ತಿತ್ತು.

ಇನ್ನು ಆ ಕಡೆ. 185ರ ಬಿಲ್ಲಿಗೆ ಬಂದದ್ದು 158. ವ್ಯತ್ಯಾಸ 27. ಅಂಕಿ ತಿರುಗುಮುರುಗಾದರೆ ವ್ಯತ್ಯಾಸ ಯಾವಾಗಲೂ 9ರಿಂದ ಭಾಗವಾಗುತ್ತದೆ, ಲೆಕ್ಕ ಬರೆಯುವವರು ಮೊದಲು ನೋಡುವುದೇ ಅದನ್ನು. ಗದ್ದಲದಲ್ಲಿ ಸ್ಪೀಕರ್ "ನೂರ ಐವತ್ತೆಂಟು" ಅಂದದ್ದು ಯಾರ ಕಿವಿಗೂ ಬಿದ್ದಿಲ್ಲ. ಕೊನೆಯದು 340ರ ಬಿಲ್. ಇದರ ದುಡ್ಡು ಬಂದೇ ಇಲ್ಲ. ಗಿರಾಕಿಯ ಫೋನಿನಲ್ಲಿ ಚಕ್ರ ತಿರುಗುತ್ತಿತ್ತು, "ಕಟ್ ಆಗಿದೆ ಅಣ್ಣಾ" ಅಂದರು, ಪರಿಚಯದವರೇ, ಇವರೂ ಬಿಟ್ಟರು.

ಈಗ ಕೂಡಿಸಿ: 500 ಮತ್ತು 142 ಸೇರಿಸಿ, 340 ಮತ್ತು 27 ಕಳೆಯಿರಿ. ಉಳಿಯುವುದು 275. ನೋಡಿದಿರಾ, ಲಾಭ ಅಂತ ಕಂಡ ಅಂಕಿಯ ಒಳಗೆ 367 ರೂಪಾಯಿ ಬಾಕಿ ಅಡಗಿ ಕೂತಿತ್ತು. ಒಟ್ಟು ಮಾತ್ರ ನೋಡಿದ್ದರೆ ಇದು ಯಾವತ್ತೂ ಸಿಗುತ್ತಿರಲಿಲ್ಲ.

340ನ್ನು ಬಂದ ದುಡ್ಡು ಅಂತ ಬರೆಯಬೇಡಿ. ಗಿರಾಕಿಯ ಹೆಸರಲ್ಲಿ ಬಾಕಿ ಅಂತ ಬರೆಯಿರಿ, ಅವರ ಫೋನಿನಿಂದ ಯುಟಿಆರ್ ನಂಬರ್ ತರಿಸಿಕೊಳ್ಳಿ. ಸ್ಕ್ರೀನ್‌ಶಾಟ್ ಬೇಡ, ನಂಬರ್ ಬೇಕು. ಅದನ್ನು ನಿಮ್ಮ ಸ್ಟೇಟ್‌ಮೆಂಟ್‌ನಲ್ಲಿ ಹುಡುಕಿ, ಮಾರನೇ ದಿನ ಇನ್ನೊಮ್ಮೆ ಹುಡುಕಿ. ರಿಸರ್ವ್ ಬ್ಯಾಂಕಿನ 2019ರ ನಿಯಮದಂತೆ, ಖಾತೆಯಿಂದ ಕಡಿತವಾಗಿ ಅಂಗಡಿಗೆ ಖಾತ್ರಿ ಬರದೇ ಹೋದರೆ ವ್ಯವಹಾರದ ದಿನ ಬಿಟ್ಟು 5 ದಿನದೊಳಗೆ ಅದು ಗಿರಾಕಿಗೆ ತಾನಾಗಿ ವಾಪಸ್ ಆಗಬೇಕು, ತಡವಾದರೆ ದಿನಕ್ಕೆ 100 ರೂಪಾಯಿ ಪರಿಹಾರ. ಇದನ್ನು ಗಿರಾಕಿಗೆ ಹೇಳಿದರೆ ಅರ್ಧ ಜಗಳ ಕಡಿಮೆ.

ಇಲ್ಲಿಗೆ ಬಿಲ್ಲು ಮತ್ತು ಆ್ಯಪ್ ತಾಳೆ ಆಯಿತು. ಬ್ಯಾಂಕಿನದ್ದು ಬೇರೆ ಕೆಲಸ, ದಯವಿಟ್ಟು ಎರಡನ್ನೂ ಕಲಸಬೇಡಿ. ಅಂಗಡಿ ಕ್ಯೂಆರ್‌ನ ದುಡ್ಡನ್ನು ಎಷ್ಟೋ ಆ್ಯಪ್‌ಗಳು ದಿನದ್ದೆಲ್ಲ ಸೇರಿಸಿ ಒಂದೇ ಸಲ ಬ್ಯಾಂಕಿಗೆ ಹಾಕುತ್ತವೆ. ಈ ಅಂಗಡಿಗೆ ಭಾನುವಾರ ಬೆಳಗ್ಗೆ ಬಿದ್ದದ್ದು 13,075. 13,115 ಎಲ್ಲಿ ಹೋಯಿತು? ಲೆಕ್ಕ ನಿಲ್ಲಿಸಿದ ಮೇಲೆ 9.50ಕ್ಕೆ ಯಾರೋ ಹಾಲಿಗೆ 60 ಹಾಕಿದ್ದರು. ಆ್ಯಪಿಗೆ ದಿನ ಮುಗಿಯುವುದು ರಾತ್ರಿ 12ಕ್ಕೆ, ನಿಮ್ಮಂತೆ 9.30ಕ್ಕಲ್ಲ. ಜೊತೆಗೆ ಸ್ಪೀಕರ್ ಬಾಡಿಗೆ ಅಂತ 100 ಕಡಿತ. ಲೆಕ್ಕ ಸರಿಯಾಯಿತು. ಆ್ಯಪ್‌ನಲ್ಲಿ ಸೆಟಲ್‌ಮೆಂಟ್ ಅಂತ ಇರುವ ಜಾಗದಲ್ಲಿ ಈ ಕಡಿತ ನೋಡಬಹುದು. ಆ್ಯಪ್ ಮೂಲಕ ಸಾಲ ತೆಗೆದುಕೊಂಡವರಿಗೆ ದಿನದ ಕಂತೂ ಇಲ್ಲೇ ಕಟ್ ಆಗುತ್ತಿರಬಹುದು. ಇವೆಲ್ಲ ಖರ್ಚು, ಸಾಲದ ಕಂತು ಅಂತ ಬೇರೆ ಬರೆಯಬೇಕು. ವ್ಯಾಪಾರವನ್ನೇ ಕಡಿಮೆ ಮಾಡಿ ಬರೆಯಬಾರದು.

ಸ್ವಂತ ಖಾತೆಯ ಕ್ಯೂಆರ್ ಅಂಟಿಸಿದವರಿಗೆ ಒಂದು ಮಾತು. 2025ರಲ್ಲಿ ನಮ್ಮ ವಾಣಿಜ್ಯ ತೆರಿಗೆ ಇಲಾಖೆ ಯುಪಿಐ ಲೆಕ್ಕ ಹಿಡಿದು ಸಣ್ಣ ಅಂಗಡಿಗಳಿಗೆ ನೋಟಿಸ್ ಕೊಟ್ಟದ್ದು, ಬೆಂಗಳೂರಿನಲ್ಲಿ "ಯುಪಿಐ ಇಲ್ಲ" ಬೋರ್ಡ್ ಎದ್ದದ್ದು ನೆನಪಿದೆಯಲ್ಲ. ತಮ್ಮ ಕಳಿಸಿದ ದುಡ್ಡು, ಚೀಟಿ ದುಡ್ಡು, ಅಂಗಡಿಯ ದುಡ್ಡು ಎಲ್ಲ ಒಂದೇ ಸ್ಟೇಟ್‌ಮೆಂಟ್‌ನಲ್ಲಿದ್ದರೆ ಯಾವುದು ವ್ಯಾಪಾರ ಅಂತ ವರ್ಷಗಳಾದ ಮೇಲೆ ತೋರಿಸುವುದು ಕಷ್ಟ. ಅಂಗಡಿಗೆ ಬೇರೆ ಖಾತೆ ಮಾಡಿ. ಅಲ್ಲಿಯವರೆಗೆ, ವ್ಯಾಪಾರ ಅಲ್ಲದ ಪ್ರತಿ ಸಾಲಿನ ಮುಂದೆ ಅದೇ ರಾತ್ರಿ ಎರಡು ಪದ ಬರೆದಿಡಿ.

ಇನ್ನು ಆ 340 ರೂಪಾಯಿ. ಮಂಗಳವಾರ ಗಿರಾಕಿ ಬಂದು, ದುಡ್ಡು ವಾಪಸ್ ಬಂತು ಅಂತ ನಗದು ಕೊಟ್ಟರು. ಆಗ ಹೊಸ ಬಿಲ್ ಮಾಡಬಾರದು, ಮಾಡಿದರೆ ಒಂದೇ ವ್ಯಾಪಾರ ಎರಡು ಸಲ ಬರೆದಂತೆ. ಶನಿವಾರದ ಬಾಕಿ ಮಂಗಳವಾರ ನಗದಿನಲ್ಲಿ ವಸೂಲಿ ಅಂತ ಬರೆದು ಆ ಹಳೇ ಬಿಲ್ಲಿಗೆ ಟಿಕ್ ಹಾಕಿ.